ಪಿನ್ ಹಾಕುವ ಮುಂಚೆ ಒಂದು ಭಾಗಾಕಾರ

ವಿದೇಶದಲ್ಲಿ ಆ್ಯಪ್‌ನಿಂದ ಕ್ಯೂಆರ್ ಸ್ಕ್ಯಾನ್ ಮಾಡಿದಾಗ, ಪಿನ್ ಹಾಕುವ ಮುಂಚೆ ನಿಮ್ಮ ಖಾತೆಯಿಂದ ಕಡಿತವಾಗುವ ಮೊತ್ತವನ್ನು ಬಿಲ್ ಮೊತ್ತದಿಂದ ಭಾಗಿಸಿ. ಬರುವುದೇ ನಿಮಗೆ ಸಿಕ್ಕ ನಿಜವಾದ ವಿನಿಮಯ ದರ. ಅದನ್ನು ಕಾರ್ಡ್‌ನ ದರದ ಜೊತೆ ಹೋಲಿಸಿ. "ಶುಲ್ಕ ಸೊನ್ನೆ" ಎಂದಿದ್ದರೂ ನಂಬಬೇಡಿ. ಆ್ಯಪ್ ಅಥವಾ ಬ್ಯಾಂಕ್ ತನ್ನ ಲಾಭವನ್ನು ಹಲವು ಸಲ ದರದೊಳಗೇ ಸೇರಿಸಿರುತ್ತದೆ. ಕಾರ್ಡ್‌ನಲ್ಲಿ ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲದ ದರ ಮಾರುಕಟ್ಟೆಗೆ ಹತ್ತಿರವಿರುತ್ತದೆ, ಅದರ ಮೇಲೆ ನಿಮ್ಮ ಬ್ಯಾಂಕ್ ತನ್ನ ಶುಲ್ಕ ಹಾಕುತ್ತದೆ. ಉದಾಹರಣೆಗೆ ಬಿಲ್ 80 ಯೂರೊ, ಆ್ಯಪ್ ತೋರಿಸಿದ್ದು 95.20 ಡಾಲರ್ ಅಂದುಕೊಳ್ಳಿ. ದರ 1.19 ಆಯಿತು. ಕಾರ್ಡ್ ಜಾಲದ ದರ 1.16 ಇದ್ದರೆ, ಶೇ 3 ಶುಲ್ಕದ ಕಾರ್ಡ್‌ನಲ್ಲಿ 95.58 ಡಾಲರ್, ಆ್ಯಪೇ ಸ್ವಲ್ಪ ಅಗ್ಗ. ವಿದೇಶಿ ಶುಲ್ಕವಿಲ್ಲದ ಕಾರ್ಡ್‌ನಲ್ಲಾದರೆ 92.80 ಮಾತ್ರ, ಕಾರ್ಡೇ ಗೆಲ್ಲುತ್ತದೆ. ಜಾಲದ ದರ ಆ ಜಾಲದ ವೆಬ್‌ಸೈಟ್‌ನ ಕ್ಯಾಲ್ಕುಲೇಟರ್‌ನಲ್ಲೇ ಸಿಗುತ್ತದೆ. ಒಂದು ವಿಷಯದಲ್ಲಿ ಮಾತ್ರ ಈ ಹೋಲಿಕೆ ಕೈಕೊಡುತ್ತದೆ: ಆ್ಯಪ್‌ನ ದರ ಆ ಕ್ಷಣಕ್ಕೇ ಗಟ್ಟಿ, ಕಾರ್ಡ್‌ನದ್ದು ವ್ಯವಹಾರ ಜಾಲಕ್ಕೆ ತಲುಪಿದ ದಿನದ್ದಾಗಬಹುದು. ನಡುವೆ ದರ ಏರಿದರೆ ಲೆಕ್ಕ ತಪ್ಪುತ್ತದೆ. ಇನ್ನು, ವಾರಾಂತ್ಯದಲ್ಲಿ ಮಾರುಕಟ್ಟೆ ಮುಚ್ಚಿರುವುದರಿಂದ ಕೆಲವು ಆ್ಯಪ್‌ಗಳು ದರದಲ್ಲಿ ತಮ್ಮ ಲಾಭವನ್ನು ಜಾಸ್ತಿ ಇಡುತ್ತವೆ. ಕಾರ್ಡ್ ಯಂತ್ರ "ನಿಮ್ಮ ದೇಶದ ಹಣದಲ್ಲಿ ಕೊಡ್ತೀರಾ" ಎಂದು ಕೇಳಿದರೆ ಬೇಡ ಎನ್ನಿ, ಸ್ಥಳೀಯ ಹಣವನ್ನೇ ಆರಿಸಿ. ಇಲ್ಲದಿದ್ದರೆ ದರ ನಿರ್ಧರಿಸುವವರು ಕಾರ್ಡ್ ಜಾಲದವರಲ್ಲ, ಅಂಗಡಿಯ ಕಡೆಯವರು.