ನಕಾಶೆಯ ಮೇಲೊಂದು ಶೀನ್

ಅರಬಿಯಲ್ಲಿ ಉತ್ತರ ಎಂದರೆ ಶಮಾಲ್, ಪೂರ್ವ ಎಂದರೆ ಶರ್ಕ್. ಎರಡೂ ಶೀನ್ ಅಕ್ಷರದಿಂದಲೇ (ش) ಶುರು. ಬೀದಿಗೆ ಶಾರಿಅ್, ಫ್ಲ್ಯಾಟಿಗೆ ಶಕ್ಕ ಅನ್ನುತ್ತಾರೆ, ಅವೂ ಶೀನ್‌ನಿಂದಲೇ. ಇಂಗ್ಲಿಷ್ ನಕಾಶೆಯಲ್ಲಿ ಬಾಣದ ತುದಿಗೆ ಒಂದಕ್ಷರ ಕುಕ್ಕಿ ಕೈ ತೊಳೆದುಕೊಳ್ಳುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ ಎಂದು ನನಗೆ ತಿಳಿದದ್ದು ಶಾರ್ಜಾದಲ್ಲಿ, ವಿಲ್ಲಾಗಳ ಒಂದು ಬ್ರೋಷರ್ ಮಾಡುವಾಗ.

ನಾನು ಮಂಗಳೂರಿನವನು. ಮದರಸದಲ್ಲಿ ಓದಲು ಕಲಿತು, ಆಮೇಲೆ ಕಾಲೇಜಿನಲ್ಲಿ ತಿದ್ದಿಕೊಂಡ ಅರಬಿ ನನ್ನದು. ಪುಟಗಟ್ಟಲೆ ಕರಾರು ಪತ್ರ ಅನುವಾದಿಸಿದವನಿಗೆ ಅರವತ್ತು ಲೇಬಲ್ ಯಾವ ಲೆಕ್ಕ ಎಂದುಕೊಂಡಿದ್ದೆ. ಕೊಟ್ಟದ್ದು ಒಂದು ಸೈಟ್ ಮ್ಯಾಪ್, ನಾಲ್ಕು ಫ್ಲೋರ್ ಪ್ಲಾನ್.

ನಾನು ಮೊದಲು ಮಾಡಿದ ಕೆಲಸ, ಲೇಬಲ್‌ಗಳನ್ನೆಲ್ಲ ಎಕ್ಸೆಲ್‌ಗೆ ಇಳಿಸಿ ಒಂದೊಂದಕ್ಕೂ ಕ್ರಮಸಂಖ್ಯೆ ಕೊಟ್ಟದ್ದು. ಲೇಬಲ್ ಇರುವ ಜಾಗದ ಅಳತೆಗೂ ಒಂದು ಕಾಲಂ ಇಟ್ಟೆ, ಅದು ಒಳ್ಳೆಯದಾಯಿತು. ಯಾಕೆಂದರೆ ಇಂಗ್ಲಿಷ್‌ನವರು ಡಬ್ಲ್ಯುಸಿ ಎಂದು ಎರಡಕ್ಷರದಲ್ಲಿ ಮುಗಿಸುವುದನ್ನು ಅರಬಿಯಲ್ಲಿ 'ದೌರತ್ ಮಿಯಾಹ್' ಎಂದು ಎರಡು ಪದದಲ್ಲಿ ಬರೆಯಬೇಕು. ಮೊದಲಕ್ಷರಗಳನ್ನು ಜೋಡಿಸುವ ರೂಢಿ ಅರಬಿಯಲ್ಲಿ ಕಡಿಮೆ. ಪೋಸ್ಟ್ ಬಾಕ್ಸಿಗೆ ص.ب ಎನ್ನುವಂಥ ಕೆಲವು ಎಲ್ಲರಿಗೂ ಗೊತ್ತು. ಮಲಗುವ ಕೋಣೆಗೆ غ. نوم ಎಂದರೂ ಜನ ಓದುತ್ತಾರೆ. ಆದರೆ ಎಫ್‌ಎಫ್‌ಎಲ್ ಅನ್ನುವ ನೆಲಮಟ್ಟದ ಸೂಚನೆಗೆ ನಾನೇ ಮೂರಕ್ಷರ ಹುಟ್ಟಿಸಿದರೆ ಓದುವವರು ಯಾರು? ಅಂಥವನ್ನು ಪೂರ್ತಿ ಬಿಡಿಸಿ ಬರೆದೆ. ಜಾಗ ಸಾಲದ ಕಡೆ ಕೋಣೆಯೊಳಗೆ ಬರೀ ಸಂಖ್ಯೆ ಇಟ್ಟು, ಹೆಸರನ್ನು ಬಲಬದಿಯ ಸೂಚಿಪಟ್ಟಿಗೆ ಸಾಗಿಸಿದೆ. ಅಕ್ಷರ ಕಿರಿದು ಮಾಡಿ ತುರುಕಿದರೆ ಅರಬಿಯ ಚುಕ್ಕಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಚುಕ್ಕಿ ಹೋದರೆ ಅಕ್ಷರವೇ ಬೇರೆ.

ಕೋಣೆಗಳ ಹೆಸರಿನಲ್ಲಿ ಹೆಚ್ಚು ಕಾಡಲಿಲ್ಲ. ಮಹಡಿಗೆ ಸೌದಿಯಲ್ಲಿ ದೌರ್, ಎಮಿರೇಟ್ಸ್‌ನಲ್ಲಿ ತಾಬಿಕ್ ಹೆಚ್ಚು. ಒಂದನ್ನು ಹಿಡಿದು ಎಲ್ಲ ಪುಟದಲ್ಲೂ ಅದನ್ನೇ ಬಳಸಿದರಾಯಿತು.

ದಿಕ್ಕಿನಲ್ಲಿ ಮಾತ್ರ ಎಡವಿದೆ. ಬಾಣದ ತಲೆಗೆ ಶೀನ್ ಒಂದನ್ನೇ ಇಟ್ಟಿದ್ದೆ. ಪೂರ್ವಕ್ಕೆ ಶರ್ಕ್‌ನ ಕೊನೆಯ ಅಕ್ಷರ ಕಾಫ್ (ق) ಹಾಕುವವರಿದ್ದಾರೆ, ಅದನ್ನೇ ನಾನೂ ಹಾಕಿದೆ. ಸೈಟ್ ಮ್ಯಾಪಿನಲ್ಲಿ 'ಪಾರ್ಕಿಂಗ್, ಪ್ರವೇಶದ್ವಾರದ ಉತ್ತರಕ್ಕೆ' ಎಂಬುದನ್ನು 'ಶಮಾಲ್ ಅಲ್ ಮದ್‌ಖಲ್' ಎಂದು ಬರೆದಿದ್ದೆ. ಕರಡು ನೋಡಿದವರು ಈಜಿಪ್ಟಿನ ಒಬ್ಬ ಆರ್ಕಿಟೆಕ್ಟ್. ಆಫೀಸಿನಲ್ಲಿ ಎಲ್ಲರೂ ಅವರನ್ನು ಬಾಷ್‌ಮುಹಂದಿಸ್, ಅಂದರೆ ಎಂಜಿನಿಯರ್ ಸಾಹೇಬರು, ಎಂದೇ ಕರೆಯುವುದು.

"ಪಾರ್ಕಿಂಗ್ ಬಾಗಿಲಿನ ಎಡಕ್ಕೋ?" ಎಂದರು.

"ಅಲ್ಲ ಬಾಷ್‌ಮುಹಂದಿಸ್, ಉತ್ತರಕ್ಕೆ."

"ನಮ್ಮ ಕೈರೋದಲ್ಲಿ ಇದನ್ನು ಓದಿದವ ಎಡಕ್ಕೇ ಗಾಡಿ ತಿರುಗಿಸುತ್ತಾನೆ."

ಅವರು ಹೇಳಿದ್ದು ಸರಿ. شمال ಎಂದು ಬರೆದದ್ದನ್ನು ಶಮಾಲ್ ಎಂದು ಓದಿದರೆ ಉತ್ತರ, ಶಿಮಾಲ್ ಎಂದು ಓದಿದರೆ ಎಡ. ಸ್ವರಚಿಹ್ನೆಯನ್ನು ಲೇಬಲ್‌ನಲ್ಲಿ ಯಾರೂ ಬರೆಯುವುದಿಲ್ಲ. ಈಜಿಪ್ಟಿನವರ ದಿನದ ಮಾತಿನಲ್ಲಂತೂ ಎಡಕ್ಕೆ ಅದೇ ಪದ. ಉದಯದ ಕಡೆ ಮುಖಮಾಡಿ ನಿಂತವನ ಎಡಗೈಗೆ ಉತ್ತರ, ಬಲಗೈಗೆ ದಕ್ಷಿಣ. ಇದು ನಮಗೇನೂ ಹೊಸದಲ್ಲ. 'ದಕ್ಷಿಣ'ಕ್ಕೂ ಬಲ ಎಂಬ ಅರ್ಥವಿದೆ. ದೇವರನ್ನು ಬಲಕ್ಕಿಟ್ಟು ಸುತ್ತುವುದೇ ಪ್ರದಕ್ಷಿಣೆ. ಇಷ್ಟು ಹತ್ತಿರದ ವಿಷಯ ನನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಅಂದಿನಿಂದ ದಿಕ್ಕನ್ನು ವಿಶೇಷಣ ಮಾಡಿ ಬರೆಯುತ್ತೇನೆ. 'ಅಲ್ ಮದ್‌ಖಲ್ ಅಶ್ಶಮಾಲಿ', ಅಂದರೆ ಉತ್ತರದ ಬಾಗಿಲು. ಕೊನೆಗೆ 'ಇ' ಸೇರಿದ ಮೇಲೆ ಅದನ್ನು ಎಡ ಎಂದು ಓದುವವರನ್ನು ನಾನು ಕಂಡಿಲ್ಲ. ಎಡ ಎಂದೇ ಹೇಳಬೇಕಾದಲ್ಲಿ 'ಯಸಾರ್'. ಪಾರ್ಕಿಂಗಿನ ಲೇಬಲ್ 'ಅಲ್ ಮೌಕಿಫ್ ಅಶ್ಶಮಾಲಿ' ಎಂದಾಯಿತು. ಬಾಣದ ತಲೆಗೂ ಪೂರ್ತಿ ಪದ. ಅದೇ ನಕಾಶೆಯಲ್ಲಿ ಬೀದಿಗಳಿಗೆ ش ಎಂಬ ಸಂಕ್ಷೇಪ ಇದ್ದುದರಿಂದ ಶೀನ್ ಬೀದಿಗಷ್ಟೇ ಮೀಸಲು ಎಂದು ಸೂಚಿಪಟ್ಟಿಯಲ್ಲೂ ಹಾಕಿದೆ.

ಅಳತೆಯ ಚಿಹ್ನೆಗಳು ಕಲಿಯಲು ಸುಲಭ. ಮೀಟರಿಗೆ م, ಸೆಂಟಿಮೀಟರಿಗೆ سم, ಮಿಲಿಮೀಟರಿಗೆ مم, ಚದರ ಮೀಟರಿಗೆ م². ಕಷ್ಟ ಇರುವುದು ಅಂಕಿಯ ಹತ್ತಿರ. ಅರಬಿ ಬಲದಿಂದ ಎಡಕ್ಕೆ ಹೋಗುತ್ತದೆ, ಸಂಖ್ಯೆಯ ಒಳಗಿನ ಅಂಕಿಗಳು ಎಡದಿಂದ ಬಲಕ್ಕೇ ಇರುತ್ತವೆ. ನಡುವೆ ಗುಣಾಕಾರ ಚಿಹ್ನೆ ಬಂದರೆ ತಂತ್ರಾಂಶ ಅದನ್ನು ಅರಬಿಯ ಸಾಲಿಗೆ ಸೇರಿಸಿಕೊಂಡು, ಮೊದಲ ಸಂಖ್ಯೆಯನ್ನು ಬಲಕ್ಕೂ ಎರಡನೆಯದನ್ನು ಎಡಕ್ಕೂ ಕೂರಿಸುತ್ತದೆ. ನಮ್ಮ ದೊಡ್ಡ ಕೋಣೆ 4.20 × 3.60 ಇದ್ದದ್ದು ಪರದೆಯ ಮೇಲೆ 3.60 × 4.20 ಆಗಿತ್ತು. ಬಲದಿಂದ ಓದುವವನಿಗೆ ಅದು ಸರಿಯೇ. ಆದರೆ ಪಕ್ಕದ ಇಂಗ್ಲಿಷ್ ಪುಟದೊಂದಿಗೆ ತಾಳೆ ನೋಡುವವನಿಗೆ ಕೋಣೆಯ ಅಗಲ ಉದ್ದ ಅದಲುಬದಲು. ಬಚ್ಚಲಿನ ನೆಲ -0.05 ಇದ್ದದ್ದು 0.05- ಆಗಿ, ಕಳೆಯುವ ಚಿಹ್ನೆ ಬಾಲದಂತೆ ಹಿಂದೆ ನೇತಾಡುತ್ತಿತ್ತು. ಸ್ಕೇಲ್ ಅನ್ನು 1:100 ಎಂದು ಅಂಟಿಸಿ ಬರೆದರೆ ನೆಟ್ಟಗಿರುತ್ತದೆ. ಅಂದಕ್ಕೆಂದು ಕೋಲನ್‌ನ ಎರಡೂ ಕಡೆ ಜಾಗ ಬಿಟ್ಟರೆ 100 : 1 ಆಗುತ್ತದೆ, ಮನೆ ನೂರು ಪಟ್ಟು ಹಿಗ್ಗಿದಂತೆ!

ಮದ್ದು ಸಣ್ಣದು. ಅಂಕಿಗಳ ಸರಣಿಯ ಮುಂಚೆ ಕಣ್ಣಿಗೆ ಕಾಣದ `U+200E` ಅಕ್ಷರ ಸೇರಿಸಿದರೆ ಅಲ್ಲಿಂದ ಮುಂದಿನ ಅಂಕಿ, ಚಿಹ್ನೆಗಳು ಎಡದಿಂದ ಬಲಕ್ಕೆ ನಿಲ್ಲುತ್ತವೆ. ಎಕ್ಸೆಲ್‌ನಲ್ಲಿ ಲೇಬಲ್‌ನ ಪದ A2ರಲ್ಲಿ, ಅಳತೆ B2ರಲ್ಲಿ ಇದ್ದರೆ ಹೀಗೆ:

```
=A2&" "&UNICHAR(8206)&B2
```

8206 ಅಂದರೆ ಅದೇ ಅಕ್ಷರದ ದಶಮಾನ ಸಂಖ್ಯೆ. ಅಂಕಿಗಳನ್ನು ಅರಬಿ ರೂಪದಲ್ಲಿ ಬರೆಯಬೇಕೇ ಎಂದು ಗಿರಾಕಿಯನ್ನು ಮೊದಲೇ ಕೇಳಿಬಿಡುವುದು ಲೇಸು. ಅಲ್ಲಿ ٥ ಅಂದರೆ ಐದು, ನೋಡಲು ನಮ್ಮ ಸೊನ್ನೆ; ಅವರ ಸೊನ್ನೆ ಬರೀ ಚುಕ್ಕಿ. ಭಾರತ, ಫಿಲಿಪ್ಪೀನ್ಸ್‌ನ ಕೆಲಸಗಾರರೂ ಓದುವ ಪ್ಲಾನ್ ಆದ್ದರಿಂದ 0ರಿಂದ 9ರ ಅಂಕಿಗಳನ್ನೇ ಉಳಿಸಿಕೊಂಡೆವು. ಒಂದು ಪ್ಲಾನ್ ಮಾತ್ರ ಅಡಿ-ಇಂಚಿನಲ್ಲಿತ್ತು. ಆ ಒಂಟಿ, ಜೋಡಿ ಗೆರೆಗಳು ಅರಬಿ ಸಾಲಿನಲ್ಲಿ ಎತ್ತೆತ್ತಲೋ ಹಾರುತ್ತವೆ. ಹನ್ನೆರಡಡಿ ಆರಿಂಚನ್ನು 3.81 ಮೀಟರ್ ಮಾಡಿ, ಆರ್ಕಿಟೆಕ್ಟ್ ಸಹಿ ಹಾಕಿದ ಮೇಲೆ ಬರೆದೆ.

ಇಷ್ಟಾದ ಮೇಲೂ ಅಚ್ಚಿನ ಕರಡಿನಲ್ಲಿ ಒಂದು ಎಡವಟ್ಟು. ಅರಬಿ ಪುಟ ಬಲದಿಂದ ಶುರುವಾಗಬೇಕೆಂದು ಡಿಸೈನರ್ ಪುಟವನ್ನಿಡೀ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ್ದ, ಆಮೇಲೆ ಅಕ್ಷರಗಳನ್ನಷ್ಟೇ ನೇರ ಮಾಡಿದ್ದ. ಶೀರ್ಷಿಕೆ, ಸೂಚಿಪಟ್ಟಿ ತಿರುಗಬೇಕು ನಿಜ, ಮನೆ ತಿರುಗಬಾರದು. ಉತ್ತರದ ಬಾಣ ಮೇಲಕ್ಕೇ ಇದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಇಂಗ್ಲಿಷ್ ಪ್ರತಿಯನ್ನು ಅದರ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಅಡುಗೆಮನೆ ಪೂರ್ವದಿಂದ ಪಶ್ಚಿಮಕ್ಕೆ ಹೋಗಿತ್ತು, ಬಾಗಿಲುಗಳೆಲ್ಲ ಎದುರು ಬದಿಗೆ ತೆರೆದುಕೊಂಡಿದ್ದವು.

"ವಾಸ್ತು ನೋಡುವವರು ಕೊಂಡಿದ್ದರೆ?" ಎಂದು ಡಿಸೈನರ್‌ನನ್ನು ಕೇಳಿದೆ. ಅವನು ಕೇರಳದವನು, ತಲೆ ಕೆರೆದುಕೊಂಡು ಫೈಲ್ ತೆರೆದ.