0.996 ಬಂದರೂ ಬಾಗಿದ್ದ ಗ್ರಾಫ್: ಪ್ಯಾರಾಸಿಟಮಾಲ್ ಜೊತೆ ನನ್ನ ಅನುಭವ

ನಮ್ಮದು ಚಿಕ್ಕ ಮಾತ್ರೆ ತಯಾರಿಕಾ ಘಟಕ. ಲ್ಯಾಬ್‌ನಲ್ಲಿ ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಯುವಿ ಯಂತ್ರ ಇರುವುದು ಒಂದೇ, ಅದೂ ಹಳೆಯದು. ಪ್ಯಾರಾಸಿಟಮಾಲ್ ಮಾತ್ರೆಗೆ ಔಷಧ ಗುಣಮಟ್ಟದ ಅಧಿಕೃತ ಗ್ರಂಥವಾದ ಫಾರ್ಮಕೋಪಿಯಾ ಒಂದು ಶೇಕಡಾ ದ್ರಾವಣದ ಹೀರುವಿಕೆ ಎಂದು ಕೊಟ್ಟ 715 ಎಂಬ ಸಂಖ್ಯೆ ಹಿಡಿದು ನೇರವಾಗಿ ಲೆಕ್ಕ ಹಾಕಬಹುದು, ಎಲ್ಲರಿಗೂ ಗೊತ್ತು. ನಮ್ಮಲ್ಲಿ ಮಾತ್ರ ಒಳಗಿನ ಪರೀಕ್ಷೆಗೆ ಸಾಂದ್ರತೆ ಗೊತ್ತಿರುವ ನಮ್ಮದೇ ದ್ರಾವಣಗಳನ್ನು, ಅಂದರೆ ಸ್ಟಾಂಡರ್ಡ್ ಮಾಡಿ, ಗ್ರಾಫ್ ಹಾಕಿ, ಅದರಿಂದ ಓದುವ ರೂಢಿ. 257 ನ್ಯಾನೋಮೀಟರ್, 0.01 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್, ಒಂದು ಸೆಂಟಿಮೀಟರ್ ಸೆಲ್. ಸ್ಟಾಂಡರ್ಡ್‌ಗಳು ಮಿಲಿಲೀಟರಿಗೆ 5ರಿಂದ 30 ಮೈಕ್ರೋಗ್ರಾಂವರೆಗೆ, ಐದೈದರ ಹೆಜ್ಜೆ.

ಒಂದು ಬ್ಯಾಚ್ ಪರೀಕ್ಷಿಸಿದಾಗ ಔಷಧ ಲೇಬಲ್ ಹೇಳಿದ್ದರ 94.6 ಶೇಕಡಾ ಬಂತು. ಮಿತಿ 95ರಿಂದ 105. ಅಂದರೆ ಫೇಲ್. ಆದರೆ ತೂಕದಲ್ಲಿ, ಮಿಶ್ರಣದಲ್ಲಿ ಏನೂ ತಪ್ಪು ಕಾಣಲಿಲ್ಲ. ಹಿಂದಿನ ಕೆಲವು ಬ್ಯಾಚ್‌ಗಳೂ 95, 96ರಲ್ಲೇ ತೂಗಾಡಿದ್ದವು. ಗ್ರಾಫ್ ಮೇಲೆ ನನಗೆ ಅನುಮಾನ ಬಂತು. ನಮ್ಮ ಸೀನಿಯರ್ ಮಾತ್ರ ಒಪ್ಪಲಿಲ್ಲ. ಬಿಂದುಗಳು ನೇರ ಗೆರೆಗೆ ಎಷ್ಟು ಹೊಂದುತ್ತವೆ ಎಂದು ಹೇಳುವ ಆರ್ ಸ್ಕ್ವೇರ್ 1ರ ಹತ್ತಿರವೇ ಇತ್ತು. "ಆರ್ ಸ್ಕ್ವೇರ್ 0.996 ಇದೆಯಲ್ಲಪ್ಪಾ, ಗ್ರಾಫ್ ಸರಿಯಾಗೇ ಇದೆ. ನಿನ್ನ ಪಿಪೆಟ್ ನೋಡ್ಕೋ" ಅಂದರು.

ನೋಡಿಕೊಂಡೆ. ಡೈಲ್ಯೂಷನ್ ನಾಲ್ಕು ಸಲ ಹೊಸದಾಗಿ ಮಾಡಿದೆ. ಪಿಪೆಟ್ ಬದಲಾಯಿಸಿದೆ, ಫಿಲ್ಟರ್ ಪೇಪರ್ ಬದಲಾಯಿಸಿದೆ. ಹತ್ತು ಹನ್ನೆರಡು ದಿನ ಹೋಯಿತು, ಉತ್ತರ ಅಲ್ಲೇ ನಿಂತಿತು. ಆಮೇಲೆ ಯಂತ್ರದ ಡ್ಯುಟೀರಿಯಂ ದೀಪ ಹಳೆಯದಾಗಿದೆ ಅಂತ ಹೊಸದು ಹಾಕಿಸಿದೆವು. ಹೆಚ್ಚುಕಡಿಮೆ ಇಪ್ಪತ್ತೈದು ಸಾವಿರ ರೂಪಾಯಿ. ರೀಡಿಂಗ್ ಅಲುಗಾಡುವುದು ಸ್ವಲ್ಪ ಕಡಿಮೆಯಾಯಿತು ಅಷ್ಟೇ. ಬ್ಯಾಚ್ ಫೇಲಾಗಿಯೇ ಉಳಿಯಿತು. ಆ ದುಡ್ಡಿನ ನೋವು ಇನ್ನೂ ಇದೆ.

ಒಂದು ಸಂಜೆ ಸುಮ್ನೆ ಕೂತು, ಪ್ರತಿ ಸ್ಟಾಂಡರ್ಡ್‌ನ ಅಬ್ಸಾರ್ಬೆನ್ಸನ್ನು, ಅಂದರೆ ಯಂತ್ರ ತೋರಿಸಿದ ಹೀರುವಿಕೆಯನ್ನು, ಅದರ ಸಾಂದ್ರತೆಯಿಂದ ಭಾಗಿಸಿದೆ. ಇಷ್ಟು ಸಣ್ಣ ಕೆಲಸವನ್ನು ಮೊದಲೇ ಮಾಡಬೇಕಿತ್ತು. 5ಕ್ಕೆ ರೀಡಿಂಗ್ 0.355, ಭಾಗಿಸಿದರೆ 0.0710. 10ಕ್ಕೆ 0.0706. 20ಕ್ಕೆ 1.377 ಇತ್ತು, ಅಂದರೆ 0.0689. 30ಕ್ಕೆ 1.917, ಭಾಗಿಸಿದರೆ 0.0639. ಗೆರೆ ನೇರವಾಗಿದ್ದರೆ ಈ ಸಂಖ್ಯೆ ಮೇಲೆ ಕೆಳಗೆ ಸ್ವಲ್ಪ ಆಡಬೇಕು. ಇಲ್ಲಿ ಒಂದೇ ದಿಕ್ಕಿಗೆ ಇಳಿಯುತ್ತಿತ್ತು, ಮೇಲೆ ಹೋದಂತೆ ಜೋರಾಗಿ. ಡೈಲ್ಯೂಷನ್ ತಪ್ಪಿದ್ದರೆ ಹೀಗೆ ಸಾಲಾಗಿ ಇಳಿಯುವುದಿಲ್ಲ, ಅಲ್ವಾ?

ಅದೇ ಗ್ರಾಫನ್ನು ಮತ್ತೆ ನೋಡಿದಾಗ ಎರಡು ಗುರುತು ಕಣ್ಣಿಗೆ ಬಿದ್ದವು. ಒಂದು, ಗೆರೆ ಸೊನ್ನೆಯ ಹತ್ತಿರ ಹೋಗುತ್ತಿರಲಿಲ್ಲ, 0.076ರಲ್ಲಿ ಅಕ್ಷವನ್ನು ಕಡಿಯುತ್ತಿತ್ತು. ಔಷಧವಿಲ್ಲದ ಬ್ಲಾಂಕ್ ದ್ರಾವಣ ಸೊನ್ನೆ ತೋರಿಸುವಾಗ ಇಷ್ಟು ಎಲ್ಲಿಂದ ಬಂತು? ಎರಡು, ಗೆರೆಯಿಂದ ಬಿಂದುಗಳ ಅಂತರ ತೆಗೆದರೆ ಎರಡೂ ತುದಿ ಗೆರೆಯ ಕೆಳಗೆ, ನಡುವಿನವು ಮೇಲೆ. ಬಿಲ್ಲಿನ ಆಕಾರ. 30ರ ಬಿಂದು ಕೆಳಗೆ ಬಿದ್ದು ಗೆರೆಯ ಮೇಲ್ತುದಿಯನ್ನು ಜಗ್ಗಿತ್ತು, ಅದರಿಂದ ಕೆಳತುದಿ ಮೇಲೆದ್ದಿತ್ತು. ನಮ್ಮ ಮಾತ್ರೆಯ ದ್ರಾವಣ ಇರುವುದು 7.5ರ ಹತ್ತಿರ. ಗೆರೆ ಮೇಲೆದ್ದ ಜಾಗ ಅದೇ. ಹಾಗಾಗಿ ಒಳ್ಳೆಯ ಮಾತ್ರೆಯೂ ಕಡಿಮೆ ಓದುತ್ತಿತ್ತು.

ಸೀನಿಯರ್ ಆಗಲೂ ನಂಬಲಿಲ್ಲ. "ಸಾಂದ್ರತೆ ಜಾಸ್ತಿಯಾದಾಗ ದ್ರಾವಣವೇ ಬದಲಾಗಿರಬಹುದು" ಅಂದರು. ಈ ಪ್ರಶ್ನೆ ನ್ಯಾಯವಾದದ್ದೇ. ಬಾಗಿದ್ದು ದ್ರಾವಣವೋ, ಯಂತ್ರವೋ? ಇದನ್ನು ಬೇರೆ ಮಾಡಲು ನಾನು ಒಂದು ಮಿಲಿಮೀಟರ್ ಕ್ವಾರ್ಟ್ಜ್ ಸೆಲ್ ಬಳಸಿದೆ. ಕೊಳ್ಳಲು ಸಾವಿರಗಟ್ಟಲೆ ಬೇಕು, ಪರಿಚಯದ ಕಾಲೇಜೊಂದರಿಂದ ಎರಡು ದಿನಕ್ಕೆ ಕೇಳಿ ತಂದೆ. ಅದೇ 30ರ ದ್ರಾವಣ, ಡೈಲ್ಯೂಟ್ ಮಾಡದೆ ಹಾಗೇ ಸುರಿದೆ. 0.213 ಬಂತು. ಇಲ್ಲಿ ಬೆಳಕಿನ ದಾರಿ ಹತ್ತನೇ ಒಂದು ಭಾಗ, ಹಾಗಾಗಿ ಹತ್ತರಿಂದ ಗುಣಿಸಿದರೆ 2.13. ಒಂದು ಸೆಂಟಿಮೀಟರ್ ಸೆಲ್‌ನಲ್ಲಿ ಅದೇ ದ್ರಾವಣ 1.917 ತೋರಿಸಿತ್ತು. ದ್ರಾವಣ ಸರಿಯಾಗಿತ್ತು, ಕಡಿಮೆ ಹೇಳುತ್ತಿದ್ದುದು ಯಂತ್ರ.

ಕಾರಣ ದಾರಿ ತಪ್ಪಿದ ಬೆಳಕು. ಗ್ರೇಟಿಂಗ್, ಕನ್ನಡಿ ಹಳೆಯದಾದಂತೆ 257 ಅಲ್ಲದ ಬೆಳಕೂ ಡಿಟೆಕ್ಟರ್‌ಗೆ ಬೀಳುತ್ತದೆ. ಅದು ಎಷ್ಟಿದೆ ಎಂದು ಅಳೆಯಲು 40, 50, 60ರ ದ್ರಾವಣ ಹಾಕಿದೆ. 40ಕ್ಕೆ 2.20, 50ಕ್ಕೆ 2.28, 60ಕ್ಕೆ 2.30. ಅಲ್ಲಿಂದ ಮುಂದೆ ಏನು ಹಾಕಿದರೂ ಏರಲಿಲ್ಲ. ಅಬ್ಸಾರ್ಬೆನ್ಸ್ 2.30 ಅಂದರೆ ಅರ್ಧ ಶೇಕಡಾ ಬೆಳಕು. ಅಷ್ಟೇ ನಮ್ಮ ಯಂತ್ರದ ಕಳ್ಳ ಬೆಳಕು. 30ರ ದ್ರಾವಣ ನಿಜವಾಗಿ ಬಿಡುವುದೇ 0.7 ಶೇಕಡಾ. ಅದಕ್ಕೆ ಇನ್ನರ್ಧ ಶೇಕಡಾ ಸೇರಿದರೆ ರೀಡಿಂಗ್ ಕೆಡದೆ ಇರುತ್ತದಾ? 7.5ರ ದ್ರಾವಣ 29 ಶೇಕಡಾ ಬಿಡುತ್ತದೆ, ಅಲ್ಲಿ ಅರ್ಧ ಶೇಕಡಾ ಅಷ್ಟು ಕಾಡುವುದಿಲ್ಲ. ಸಮಾಧಾನಕ್ಕೆ, ಕಳ್ಳ ಬೆಳಕು ಪತ್ತೆಗೆ ಬಳಸುವ 1.2 ಶೇಕಡಾ ಪೊಟ್ಯಾಸಿಯಂ ಕ್ಲೋರೈಡ್ ಹಾಕಿ 198 ನ್ಯಾನೋಮೀಟರಿನಲ್ಲೂ ನೋಡಿದೆ. 2 ದಾಟಬೇಕಾದದ್ದು 1.6ರ ಸುತ್ತ ನಿಂತಿತು.

ಸೆಲ್ ವಾಪಸ್ ಕೊಡುವ ಮುಂಚೆ ಇನ್ನೊಂದು ಆಸೆ ತೀರಿಸಿಕೊಂಡೆ. ಮೀಥಿಲೀನ್ ಬ್ಲೂ ಎಂಬ ಬಣ್ಣ ತೆಗೆದುಕೊಂಡು 664ರಲ್ಲಿ ಅದೇ ಪರೀಕ್ಷೆ. ಗಟ್ಟಿ ದ್ರಾವಣಗಳನ್ನು ಒಂದು ಮಿಲಿಮೀಟರ್ ಸೆಲ್‌ನಲ್ಲಿ ಹಾಕಿದೆ. ರೀಡಿಂಗ್ ಚಿಕ್ಕದಾಗಿದ್ದರೂ ಗ್ರಾಫ್ ಬಾಗಿಯೇ ಇತ್ತು. ಸ್ಕ್ಯಾನ್ ಮಾಡಿದರೆ 610ರ ಹತ್ತಿರದ ಭುಜ ಎದ್ದು ಬೆಳೆಯುತ್ತಿತ್ತು. ಬಣ್ಣದ ಅಣುಗಳು ಜೋಡಿಯಾಗುತ್ತವೆ, ಅದು ನಿಜವಾದ ರಸಾಯನ. ಪ್ಯಾರಾಸಿಟಮಾಲ್‌ನಲ್ಲಿ ಹಾಗಲ್ಲ, ಶಿಖರದ ತಲೆ ಮಾತ್ರ ಚಪ್ಪಟೆಯಾಗಿತ್ತು. ಎರಡನ್ನೂ ಒಂದೇ ದಿನ ಪಕ್ಕಪಕ್ಕ ನೋಡಿದ್ದು ನನಗೆ ಬಹಳ ಖುಷಿ ಕೊಟ್ಟಿತು.

ಈಗ ನಾನು ಹಾಕುವ ಗ್ರಾಫ್ 2ರಿಂದ 12ರವರೆಗೆ, ಎರಡೆರಡರ ಹೆಜ್ಜೆ. ಅತಿ ಹೆಚ್ಚಿನ ರೀಡಿಂಗ್ 0.85ರ ಹತ್ತಿರ. 100 ಮೈಕ್ರೋಗ್ರಾಂ ದ್ರಾವಣದಿಂದ ಒಂದೊಂದನ್ನೂ ಬೇರೆಬೇರೆಯಾಗಿ 100 ಮಿಲಿ ಫ್ಲಾಸ್ಕ್‌ಗೆ ತೆಗೆಯುತ್ತೇನೆ, ಒಂದರಿಂದ ಇನ್ನೊಂದನ್ನು ಮಾಡುವುದಿಲ್ಲ. ಪ್ರತಿ ಫ್ಲಾಸ್ಕ್‌ಗೂ 0.1 ಮೋಲಾರ್ ಕ್ಷಾರ 10 ಮಿಲಿ. ಕ್ಷಾರದಲ್ಲಿ ಹಾಕಿದ್ದನ್ನು ಮರುದಿನಕ್ಕೆ ಇಡುವುದಿಲ್ಲ. ಕಡಿಮೆ ಸಾಂದ್ರತೆಯಲ್ಲಿ ಸೆಲ್ ತೊಳೆಯುವುದಕ್ಕೆ ನನ್ನದೇ ಒಂದು ಕ್ರಮ ಇದೆ, ಅದನ್ನು ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ. ಗ್ರಾಫ್ ಈಗ 0.003ರಲ್ಲಿ ಅಕ್ಷ ಕಡಿಯುತ್ತದೆ.

ಫೇಲಾಗಿದ್ದ ಬ್ಯಾಚನ್ನು ಇದರಲ್ಲಿ ಓದಿದೆ. ಅದೇ ದ್ರಾವಣದ ಅದೇ 0.523 ರೀಡಿಂಗ್‌ಗೆ 98.7 ಶೇಕಡಾ ಬಂತು. ಸೀನಿಯರ್ ಇನ್ನೂ ಅರೆಮನಸ್ಸಿನಲ್ಲಿದ್ದರು. ಹೊರಗಿನ ಲ್ಯಾಬ್‌ಗೆ ಔಷಧವನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಗೆ ಕಳಿಸಿದೆವು, ಎರಡು ಮೂರು ಸಾವಿರ ಖರ್ಚು. ಅಲ್ಲೂ 98ರ ಮೇಲೆಯೇ ಬಂತು. ಸುಮಾರು ಎರಡು ಲಕ್ಷ ಮಾತ್ರೆಗಳ ಬ್ಯಾಚ್ ಉಳಿಯಿತು. ಅವತ್ತು ಸೀನಿಯರ್ ನನ್ನ ಪುಸ್ತಕ ತೆಗೆದುಕೊಂಡು ಭಾಗಾಕಾರದ ಕಾಲಂ ಅನ್ನು ಎಲ್ಲರ ಫಾರ್ಮ್‌ಗೂ ಸೇರಿಸಿದರು. ಮೊದಲ ಮತ್ತು ಕೊನೆಯ ಸ್ಟಾಂಡರ್ಡ್ ನಡುವೆ ಎರಡು ಶೇಕಡಾಕ್ಕಿಂತ ಜಾಸ್ತಿ ಇಳಿದರೆ ಗ್ರಾಫ್ ಬಳಸುವಂತಿಲ್ಲ.

ಪ್ರತಿ ಸೋಮವಾರ 60ರ ದ್ರಾವಣ ಒಂದು ಹಾಕಿ ಯಂತ್ರದ ಚಾವಣಿ ನೋಡುತ್ತೇನೆ. ತಿಂಗಳುಗಟ್ಟಲೆ 2.30 ಇದ್ದದ್ದು ಹೋದ ವಾರ 2.2ಕ್ಕೆ ಇಳಿದಿದೆ. ಕನ್ನಡಿ ನೋಡಲು ಸರ್ವಿಸ್‌ನವರು ಬರುವವರೆಗೆ ಗ್ರಾಫನ್ನು 12ರ ಬದಲು 10ಕ್ಕೆ ನಿಲ್ಲಿಸಿದ್ದೇನೆ.