ಬೇಗ ಲೆಕ್ಕ ಮುಗಿಸುವ ಹುಡುಗಿಗೆ ನಾನು ಕೊಟ್ಟ ಕೆಲಸ

ನನ್ನ ಐದನೇ ತರಗತಿಯಲ್ಲಿ ಕಳೆಯುವ ಲೆಕ್ಕ ಕೊಟ್ಟರೆ, ಉಳಿದವರು ಅರ್ಧಕ್ಕೆ ಬರುವಷ್ಟರಲ್ಲಿ ಒಬ್ಬ ಹುಡುಗಿ ಮುಗಿಸಿ ಕೂತಿರುತ್ತಿದ್ದಳು. ಅವಳಿಗೆ ಇನ್ನೂ ಹತ್ತು ಲೆಕ್ಕ ಕೊಟ್ಟರೆ ಬೇಗ ಮುಗಿಸಿದ್ದಕ್ಕೆ ದಂಡ ಹಾಕಿದಂತೆ. ಜಾಣ ಮಕ್ಕಳು ಆಗ ಬೇಕೆಂದೇ ನಿಧಾನ ಮಾಡುತ್ತಾರೆ. ‘ಪಕ್ಕದವರಿಗೆ ಹೇಳಿಕೊಡು’ ಎನ್ನುವುದೂ ದಿನಾ ಆದರೆ ನನ್ನ ಕೆಲಸವನ್ನು ಅವಳಿಗೆ ಹೊರಿಸಿದ ಹಾಗೆ.

ಮೊದಲು ಅವಳ ಲೆಕ್ಕ ಕಡಿಮೆ ಮಾಡಿದೆ. 5003ರಲ್ಲಿ 2678 ಕಳೆಯುವಂಥ ನಾಲ್ಕು ಕಷ್ಟದ ಲೆಕ್ಕ ಸರಿ ಬಂದರೆ ಉಳಿದವು ಬೇಡ. ಬರೀ ಅವಸರದ ಮಕ್ಕಳು ಇಲ್ಲೇ ಗೊತ್ತಾಗಿಬಿಡುತ್ತಾರೆ.

ಆಮೇಲೆ ಕಾಪ್ರೇಕರ್ ಅವರ ಆಟ ಕೊಟ್ಟೆ. 6174 ಸಂಖ್ಯೆಯಿಂದ ಹೆಸರಾದ ಗಣಿತಜ್ಞ ಡಿ.ಆರ್. ಕಾಪ್ರೇಕರ್ ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದವರು. ಆ 6174ಕ್ಕೆ ಬಂದು ನಿಲ್ಲುವುದು ನಾಲ್ಕಂಕಿಯ ಆಟ, ನಾನು ಮೂರಂಕಿಯಿಂದ ಶುರು ಮಾಡಿಸಿದೆ. ಮೂರೂ ಅಂಕಿ ಒಂದೇ ಆಗಿರದ ಸಂಖ್ಯೆ ತಗೊಂಡು, ಅಂಕಿಗಳನ್ನು ಜೋಡಿಸಿ ಅತಿ ದೊಡ್ಡದರಲ್ಲಿ ಅತಿ ಚಿಕ್ಕದನ್ನು ಕಳೆಯಬೇಕು, ಬಂದ ಉತ್ತರಕ್ಕೂ ಹಾಗೇ ಮಾಡಬೇಕು. 352 ತಗೊಂಡರೆ 532 − 235 = 297. ಮುಂದೆ 693, 594, 495. ಅಲ್ಲಿಂದಾಚೆ 495 ಬಿಟ್ಟು ಕದಲುವುದಿಲ್ಲ.

‘ಎಲ್ಲಕ್ಕೂ ಹಿಂಗೇ ಬರುತ್ತೆ ಮಿಸ್!’ ಎಂದಳು. ‘ಎಲ್ಲಕ್ಕೂ ಅಂತ ಹೇಗೆ ಗೊತ್ತು?’ ಎಂದೆ. ಈ ಪ್ರಶ್ನೆ ಇಲ್ಲದಿದ್ದರೆ ಇದೂ ಬರೀ ಹೆಚ್ಚುವರಿ ಲೆಕ್ಕವೇ. ಅದಕ್ಕೇ, ಇನ್ನು ಕಳೆಯಬೇಡ, ಬಂದ ಉತ್ತರಗಳನ್ನು ಸಾಲಾಗಿ ಬರೆದು ನೋಡು ಎಂದೆ. ನಡುವಿನ ಅಂಕಿ ಯಾವಾಗಲೂ 9, ಅಕ್ಕಪಕ್ಕದವು ಕೂಡಿದರೂ 9 ಎಂದು ಕಂಡುಕೊಂಡಳು. ಯಾಕೆ? ನಡುವಿನ ಅಂಕಿ ಮೇಲೂ ಕೆಳಗೂ ಒಂದೇ. ಬಿಡಿಗೆ ಒಂದು ಸಾಲ ಕೊಟ್ಟ ಹತ್ತರ ಸ್ಥಾನ ತಾನೂ ನೂರರಿಂದ ಸಾಲ ತರಬೇಕು, ಹಾಗಾಗಿ ಉಳಿಯುವುದು 9. ತರಗತಿಯ ಪಾಠವೇ ಇದು, ಆದರೆ ಈಗ ಅವಳು ಅದನ್ನು ಕಾರಣ ಹೇಳಲು ಬಳಸುತ್ತಿದ್ದಳು. ಅಂದಮೇಲೆ ಮೊದಲ ಉತ್ತರ 99, 198, 297 ಹೀಗೆ 891ರವರೆಗಿನ ಒಂಬತ್ತರಲ್ಲಿ ಒಂದಾಗಿರಲೇಬೇಕು. ಆ ಒಂಬತ್ತನ್ನು ಪರೀಕ್ಷಿಸಿದರೆ ಸಾಕು, ನೂರಾರು ಸಂಖ್ಯೆ ಬೇಡ.

211ರಲ್ಲಿ ತೊಡಕಾಯಿತು. 211 − 112 = 99, ಆಮೇಲೆ 99ರಲ್ಲಿ 99 ಕಳೆದು ಸೊನ್ನೆ, ನಿಯಮ ಸುಳ್ಳು ಎಂದಳು. 099 ಎಂದು ಬರೆದುಕೊಂಡರೆ? 990 − 099 = 891, ಮತ್ತೆ ಅದೇ ದಾರಿ ಸಿಕ್ಕಿತು. ಹಾಗೆ ಬರೆಯಬಹುದೇ ಎಂದು ಅವಳು ವಾದಿಸಿದ್ದು ನನಗೆ ಇಷ್ಟವಾಯಿತು. ಆಟದ ಷರತ್ತನ್ನು ಮೊದಲೇ ಸರಿಯಾಗಿ ಹೇಳಬೇಕೆಂದು ಇಬ್ಬರೂ ಒಪ್ಪಿಕೊಂಡೆವು.

ಎರಡಂಕಿಗೆ ಏನಾಗುತ್ತದೆ ಎಂದು ನಾನು ಕೇಳುವ ಮೊದಲೇ ಮಾಡಿಕೊಂಡು ಬಂದಳು. ಅಲ್ಲಿ ಯಾವ ಸಂಖ್ಯೆಯೂ ನಿಲ್ಲುವುದಿಲ್ಲ, 9, 81, 63, 27, 45 ಎಂದು ಸುತ್ತುತ್ತಲೇ ಇರುತ್ತದೆ. ನಾಲ್ಕಂಕಿಯದನ್ನು ಈಗ ಕೊಟ್ಟಿದ್ದೇನೆ. ಅಲ್ಲಿ ನಡುವಿನ 9ರ ಉಪಾಯ ನಡೆಯುವುದಿಲ್ಲ.